ಟೈಲರಮ್ಮನ ಚೀಟಿ

ಹೊಸ ಮಂಚವನ್ನು ಟೈಲರಮ್ಮ ತನ್ನ ಟೇಪಿನಲ್ಲೇ ಅಳೆದಳು. ಉದ್ದ ಎಪ್ಪತ್ತೆಂಟು ಇಂಚು, ಅಗಲ ಅರವತ್ತು. ಆದರೆ ಹಾಸಿಗೆ ಹೊಲಿದುಕೊಡುವ ಹೊರದೇಶದ ಅಂಗಡಿಗೆ ಸೆಂಟಿಮೀಟರ್ ಬಿಟ್ಟರೆ ಬೇರೆ ಲೆಕ್ಕ ಗೊತ್ತಿಲ್ಲ. ಎರಡನ್ನೂ 2.54ರಿಂದ ಗುಣಿಸಿ, ಚೀಟಿಯಲ್ಲಿ ‘198, 152’ ಎಂದು ಗೀಚಿ ಗಂಡನ ಕೈಗಿಟ್ಟಳು.

ಗಂಡ ಮಹಾ ಜಾಗರೂಕ. ಹೆಂಡತಿ ಬರೆದದ್ದೆಲ್ಲ ಇಂಚೇ ಎಂದು ಹನ್ನೆರಡು ವರ್ಷದಿಂದ ಬಲ್ಲವನು. ತಾನೂ 2.54ರಿಂದ ಗುಣಿಸಿ, ‘503, 386’ ಎಂದು ಆರ್ಡರ್ ಕಳಿಸಿದ. ಅಳತೆ ಸರಿಯೇ ಎಂದು ಅಂಗಡಿಯವರು ಕೇಳಿದ್ದಕ್ಕೆ, ‘ನನ್ನ ಹೆಂಡತಿ ಟೈಲರ್’ ಎಂದು ಗತ್ತಿನಲ್ಲಿ ಉತ್ತರಿಸಿದ.

ಗಾಳಿಯನ್ನೆಲ್ಲ ಹೊರತೆಗೆದು ಸುತ್ತಿದ್ದ ಹಾಸಿಗೆಯ ಕಟ್ಟನ್ನು ನಾಲ್ವರು ಹೊತ್ತು ತಂದು ಹಾಲ್‌ನಲ್ಲಿ ಇಳಿಸಿಹೋದರು. ಟೈಲರಮ್ಮ ಕತ್ತರಿ ಹಾಕಿದ್ದೇ ತಡ, ಹಾಸಿಗೆ ಬುಸ್ಸೆಂದು ಉಬ್ಬುತ್ತ, ಕುರ್ಚಿಗಳನ್ನು ಮೂಲೆಗೆ ತಳ್ಳಿ ಗೋಡೆಯಿಂದ ಗೋಡೆಗೆ ಹಬ್ಬಿತು. ಬಾಗಿಲು ತೆರೆಯದಾಯಿತು.

“ನಾನು ಆಗ್ಲೇ ಗುಣಿಸಿದ್ದೆ ಕಣ್ರೀ,” ಎಂದಳು ಟೈಲರಮ್ಮ.

“ನಾನೂ ಗುಣಿಸಿದೆ ಕಣೇ,” ಎಂದ ಗಂಡ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತ ಅದರ ಮೇಲೇ ಬಿದ್ದರು. ಅಷ್ಟರಲ್ಲಿ ಒಳಕೋಣೆಯಿಂದ ಬಂದ ಟೈಲರಮ್ಮನ ಅತ್ತೆ, ಮಗುವಿನಂತೆ ಉರುಳುತ್ತ ನಟ್ಟನಡುವೆ ಹೋಗಿ ಮಲಗಿದ್ದರು.

“ವಾಪಸ್ ಕಳಿಸಿದ್ರೆ ನನ್ನನ್ನೂ ಇದ್ರ ಜೊತೆಗೇ ಸುತ್ತಿ ಕಳಿಸಿ,” ಎಂದರು. “ಮೇಲೆ ಹಾಸೋಕೆ ಒಂದು ಬೆಡ್‌ಶೀಟ್ ತರಿಸ್ರಪ್ಪ.”

ಗಂಡ ಪೆನ್ಸಿಲ್ ಎತ್ತಿಕೊಂಡ. ಟೈಲರಮ್ಮ ಅದನ್ನು ಕಿತ್ತುಕೊಂಡು, ಅಂಕಿಗೂ ಮೊದಲು ಚೀಟಿಯ ತುಂಬ ದಪ್ಪಕ್ಷರದಲ್ಲಿ ‘ಸೆಂಟಿಮೀಟರ್’ ಎಂದು ಬರೆದಳು. ಅಂಕಿ ಬರೆಯಲು ಜಾಗವೇ ಉಳಿಯಲಿಲ್ಲ.