ಸ್ಟೆಪ್ನಿಯ ಒಳಂಚು

ಕಾರು ಕೊಳ್ಳಲು ಮುಂದಾಗಿದ್ದ ಔಷಧಿ ಅಂಗಡಿಯವನು ಕೊಟ್ಟು ಕಳಿಸಿದ ಪತ್ರ ಟೈಲರಮ್ಮನ ಕೈ ಸೇರಿದಾಗ, ಅವಳ ತಮ್ಮ ಬಾಗಿಲಲ್ಲಿ ಕಾರು ತೊಳೆದು ಒರೆಸುತ್ತಿದ್ದ. ಇನ್ನು ಸ್ವಲ್ಪ ಹೊತ್ತಿಗೆ ಅವನು ಪಕ್ಕದ ಊರಿಗೆ ಹೊರಡುವವನು. ಅಲ್ಲಿ ಇನ್ನೊಬ್ಬ ಗಿರಾಕಿಗೆ ಕಾರು ತೋರಿಸುವುದು, ಹಾಗೇ ಅಕ್ಕನ ಮಗಳನ್ನು ಹಾಸ್ಟೆಲಿಗೆ ಬಿಡುವುದು ಎಂದು ಮಾತಾಗಿತ್ತು. ದಾರಿಯೆಲ್ಲ ಇಳಿಜಾರು, ತಿರುವು.

ಅವಳು ಹೊಲಿಗೆ ಯಂತ್ರದ ಮುಂದೆ ಕೂತೇ ಪತ್ರ ಬಿಡಿಸಿದಳು.

“ಅಮ್ಮಾ, ನಮಸ್ಕಾರ. ಫೋನಿನಲ್ಲಿ ಹೇಳಿದರೆ ಮಾತಿಗೆ ಮಾತು ಬೆಳೆಯುತ್ತದೆಂದು ಬರೆಯುತ್ತಿದ್ದೇನೆ. ನೀವು ಒಪ್ಪಿದ ಮೇಲೆ ಕಾರನ್ನು ನಮ್ಮ ಮೆಕ್ಯಾನಿಕ್ಕಿಗೆ ತೋರಿಸಿದೆ. ಎಂಜಿನ್ ಚೆನ್ನಾಗಿದೆ. ಆದರೆ ಮುಂದಿನ ಎಡಚಕ್ರವನ್ನು ಹಿಡಿದಿಡುವ ಬಾಲ್ ಜಾಯಿಂಟ್ ಸವೆದು ಸಡಿಲವಾಗಿದೆ, ಅದರ ಪಕ್ಕದ ರಬ್ಬರ್ ಬುಶ್ ಬಿರಿದಿದೆ, ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಜಿನುಗುತ್ತಿದೆ. ಬಿಡಿಭಾಗ, ಕೂಲಿ, ಅಲೈನ್‌ಮೆಂಟ್ ಎಲ್ಲ ಸೇರಿಸಿ, ಅಷ್ಟನ್ನು ನಾನು ಹೇಳಿದ್ದ ಬೆಲೆಯಿಂದ ಕಳೆಯಬೇಕಾಗಿದೆ. ಮೆಕ್ಯಾನಿಕ್ಕಿನ ಪಟ್ಟಿ ಲಗತ್ತಿಸಿದ್ದೇನೆ.

ನನಗೆ ಮಾರದಿದ್ದರೂ ಪರವಾಗಿಲ್ಲ. ಜಾಯಿಂಟ್ ಬದಲಾಯಿಸುವವರೆಗೆ ದಯವಿಟ್ಟು ಯಾರನ್ನೂ ಆ ಕಾರಿನಲ್ಲಿ ಕೂರಿಸಬೇಡಿ. ಅದು ಕಳಚಿದರೆ ಚಕ್ರ ಮಗುಚಿಕೊಳ್ಳುತ್ತದೆ. ನಂಬಿಕೆ ಬಾರದಿದ್ದರೆ ಜಾಕ್ ಹಾಕಿ ಚಕ್ರ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿ ನೋಡಿ.”

ತಮ್ಮ ಪತ್ರ ಕಸಿದು ಓದಿ ನಕ್ಕ.

“ನಾಟಕ ಅಕ್ಕ! ಬೆಲೆ ಇಳಿಸೋಕೆ ಹೆದರಿಸ್ತಾನೆ. ಮಾತ್ರೆ ಮಾರೋನು, ಕಹಿಗೆ ಸಕ್ಕರೆ ಸವರೋದು ಗೊತ್ತು.”

“ನಾಟಕ ಆಡೋನು ‘ನಂಗೆ ಮಾರದಿದ್ರೂ’ ಅಂತ ಬರೀತಾನೇನೋ?”

“ಅದೇ ನಾಟಕದ ಒಳಗುಟ್ಟು. ಭಾವ ಇರೋವರೆಗೂ ಈ ಕಾರನ್ನ ಮಗು ಥರ ನೋಡ್ಕೊಂಡಿದ್ರು. ನಾನೇ ಹೋದ ತಿಂಗಳು ಮುಂದಿನ ಎರಡೂ ಟೈರ್ ಹೊಸದು ಹಾಕ್ಸಿದೀನಿ. ಎಲ್ಲಿ ಬಂತು ಸವೆತ?”

ಮಗಳು ಚೀಲ ಹೆಗಲಿಗೇರಿಸಿ ಹೊರಬಂದಳು. “ಮಾವ, ಹೊರಡೋಣ್ವಾ? ಕತ್ತಲಾದ್ರೆ ವಾರ್ಡನ್ ಬೈತಾಳೆ.”

ಟೈಲರಮ್ಮ ಪತ್ರವನ್ನೊಮ್ಮೆ, ಕಾರನ್ನೊಮ್ಮೆ ನೋಡಿದಳು. ಪೂರ್ತಿ ಬೆಲೆ ಬಂದರೆ ತನ್ನದೇ ಹೊಲಿಗೆ ಅಂಗಡಿಗೆ ಮುಂಗಡ ಕಟ್ಟಬಹುದು; ಪಕ್ಕದ ಊರಿನವನು ಪರೀಕ್ಷೆ ಗಿರೀಕ್ಷೆ ಕೇಳದವನು. ತಮ್ಮನ ಮಾತು ನಿಜವಾಗಲಿ ಎಂದು ಅವಳ ಮನಸ್ಸೇ ಹಟ ಹಿಡಿದಿತ್ತು.

“ಹಳೇ ಟೈರ್ ಏನ್ಮಾಡ್ದೆ?” ಎಂದಳು.

“ಒಂದು ಎಸೆದೆ. ಎಡಗಡೇದನ್ನ ಸ್ಟೆಪ್ನಿ ಮಾಡಿ ಡಿಕ್ಕೀಲಿ ಹಾಕಿದೀನಿ. ಯಾಕೆ?”

“ತೆಗಿ.”

“ಅಕ್ಕಾ, ಹೊತ್ತಾಯ್ತು…”

“ತೆಗಿಯೋ, ನನ್ನಪ್ಪ.”

ಗೊಣಗುತ್ತ ಅವನು ಚಕ್ರವನ್ನು ಹೊರಗೆಳೆದು ಗೋಡೆಗೆ ಒರಗಿಸಿದ. ಅವಳು ಬಟ್ಟೆಯ ಮೇಲಾಡಿಸುವ ಹಾಗೇ ಅದರ ಮೇಲೆ ಕೈಯಾಡಿಸಿದಳು. ಹೊರಗಿನ ಅಂಚಿನಲ್ಲಿ ಟೈರಿನ ಗೀರುಗಳು ಇನ್ನೂ ಆಳವಾಗಿದ್ದವು. ಒಳಗಿನ ಅಂಚು ಮಾತ್ರ ಬೋಳು. ಒಂದೇ ಬದಿಯಲ್ಲಿ ಸವೆದ ಎಷ್ಟೋ ಅಂಗಿಗಳು ಅವಳ ಕೈಗೆ ಬಂದಿದ್ದವು. ಹೊಸ ತೇಪೆ ಹಾಕಿದರೂ ಅಲ್ಲೇ ಮತ್ತೆ ಹರಿದುಕೊಂಡು ಬರುತ್ತವೆ. ಕಾರಣ ಬಟ್ಟೆಯಲ್ಲಿರುವುದಿಲ್ಲ, ಹೊಲಿಗೆಯ ಸೊಟ್ಟಿನಲ್ಲಿರುತ್ತದೆ.

“ಜಾಕ್ ಹಾಕು,” ಎಂದಳು.

ತಮ್ಮನ ಮುಖ ಕೆಂಪಾಯಿತು. ಅಕ್ಕನ ಬಾಯಿ ಮುಚ್ಚಿಸಲೆಂದೇ ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಎಡಗಡೆ ಮುಂಭಾಗ ಎತ್ತಿದ. ಚಕ್ರ ನೆಲ ಬಿಟ್ಟಿತು. ಒಂದು ಕೈ ಮೇಲೆ, ಒಂದು ಕೈ ಕೆಳಗೆ.

“ನೋಡು, ಗಟ್ಟಿ…”

ಟಕ್.

ಅವನು ಮತ್ತೆ ಅಲುಗಿಸಿದ. ಟಕ್, ಟಕ್. ಒಳಗೆ ಏನೋ ಸಡಿಲ ಹಲ್ಲಿನ ಹಾಗೆ ಆಡುತ್ತಿತ್ತು. ಮಗಳ ಚೀಲ ಹೆಗಲಿಂದ ಜಾರಿ ಕೆಳಗಿಳಿಯಿತು.

“ನಾನು ಟೈರ್ ಬದಲಾಯಿಸಿದ್ದೇ ತಪ್ಪಾಯ್ತು,” ಎಂದ ತಮ್ಮ, ನೆಲ ನೋಡುತ್ತ. “ಟೈರ್ ಸವೆದಾಗ ಯಾಕೆ ಸವೀತು ಅಂತ ಕೇಳ್ಬೇಕಿತ್ತು. ಇವತ್ತು ಇವಳನ್ನ ಕೂರಿಸ್ಕೊಂಡು ಆ ತಿರುವಲ್ಲಿ…”

“ಬಿಡೋ. ಅವಳನ್ನ ಬಸ್ ಹತ್ತಿಸಿ ಬಾ.”

ಅವನು ತಾನೇ ಬಗ್ಗಿ ಸೋದರಸೊಸೆಯ ಚೀಲ ಎತ್ತಿಕೊಂಡ. “ಕೊಡಿ ಮಾವ, ನಾನೇ ಹೊರ್ತೀನಿ,” ಎಂದು ಅವಳು ಕೈಚಾಚಿದರೂ ಕೊಡಲಿಲ್ಲ.

ಟೈಲರಮ್ಮ ಮೊದಲು ಪಕ್ಕದ ಊರಿನವನಿಗೆ ಕಾರು ಬರುವುದಿಲ್ಲವೆಂದು ತಿಳಿಸಿದಳು, ಕಾರಣವನ್ನೂ ಹೇಳಿದಳು. ಆಮೇಲೆ ಔಷಧಿ ಅಂಗಡಿಗೆ ಫೋನ್ ಮಾಡಿದಳು.

“ಅಪ್ಪಾ, ನಿನ್ನ ಬೆಲೆಗೇ ಒಪ್ಪಿದೆ. ಆದ್ರೆ ಎರಡು ಟೈರ್ ಹೊಸದು. ಅದನ್ನೂ ಲೆಕ್ಕಕ್ಕೆ ತಗೋಬೇಕಪ್ಪ.”

“ತಗೋತೀನಮ್ಮ, ನ್ಯಾಯಾನೇ. ಕಾರು ಅಲ್ಲೇ ಇರ್ಲಿ. ಮೆಕ್ಯಾನಿಕ್ಕನ್ನ ನಿಮ್ಮ ಬಾಗಿಲಿಗೇ ಕಳಿಸ್ತೀನಿ. ಮಗಳು ಹೊರಟ್ಬಿಟ್ಳಾ?”

ಹೋದ ವಾರ ಕಾರು ನೋಡಲು ಬಂದಾಗ, ಮಗಳನ್ನು ಇದೇ ಕಾರಿನಲ್ಲಿ ಹಾಸ್ಟೆಲಿಗೆ ಬಿಡುವ ಮಾತನ್ನು ಅವನು ಕೇಳಿಸಿಕೊಂಡಿದ್ದನೆಂದು ಅವಳಿಗೆ ಈಗ ನೆನಪಾಯಿತು.

“ಬಸ್ಸಲ್ಲಿ ಹೊರಟ್ಳಪ್ಪ,” ಎಂದಳು.