ಜೋಡಿ ಹೆಸರಿನ ಅರ್ಧ

ದೇವರಿಗೆ ಹೆಸರಿಡುವುದು ಮಗುವಿಗೆ ಹೆಸರಿಟ್ಟಷ್ಟು ಸಲೀಸಲ್ಲ ಎಂದು ಟೀಚರಮ್ಮ ಪ್ರತಿ ವರ್ಷ ಮೊದಲ ಪಾಠದಲ್ಲೇ ಹೇಳಿಬಿಡುತ್ತಿದ್ದರು. ಮಸೀದಿಯ ಹಿಂದಿನ ಶಾಲೆಯ ಮೇಲಂತಸ್ತಿನಲ್ಲಿ, ಕಿರುಗುಟ್ಟುವ ಫ್ಯಾನಿನ ಕೆಳಗೆ, ಊಟ ಮುಗಿಸಿ ಬಂದ ಹೆಂಗಸರು ಚಾಪೆಯ ಮೇಲೆ ಕೂತು ಕೇಳುತ್ತಿದ್ದರು. ಗೋಡೆಯ ಮೇಲೆ ದೇವರ ತೊಂಬತ್ತೊಂಬತ್ತು ಹೆಸರುಗಳ ಪಟವಿತ್ತು. ಪಟವನ್ನು ಬಾಯಿಪಾಠ ಮಾಡಿಸುವ ಟೀಚರುಗಳು ಬೇಕಾದಷ್ಟು ಜನ ಇದ್ದಾರೆ. ಇವರು ಅದನ್ನು ಬಿಡಿಸಿ ತೋರಿಸುವವರು.

ಪಂಡಿತರು ಈ ಹೆಸರುಗಳನ್ನು ಮೂರು ಗುಂಪು ಮಾಡಿದರು. ಅವನ ಇರವನ್ನೇ ಹೇಳುವವು ಒಂದು, ಬಲ್ಲವನು, ಶಕ್ತ ಎಂದು ಅವನ ಗುಣ ಹೇಳುವವು ಇನ್ನೊಂದು, ಸೃಷ್ಟಿಸುವವನು, ಅನ್ನ ಕೊಡುವವನು ಎಂದು ಅವನು ಮಾಡುವುದನ್ನು ಹೇಳುವವು ಮೂರನೆಯದು. ಮಾಡುವ ಹೆಸರುಗಳಲ್ಲೇ ಕೆಲವು ಜೋಡಿಗಳಿವೆ. ಬಿಗಿ ಮಾಡುವವನು, ಸಡಿಲ ಬಿಡುವವನು. ಇಳಿಸುವವನು, ಏರಿಸುವವನು. ಕೆಡುಕು ತರುವ ‘ದಾರ್’, ಒಳಿತು ತರುವ ‘ನಾಫಿ’. ಇವುಗಳನ್ನು ಅಗಲಿಸಬಾರದು, ಎರಡೂ ಸೇರಿದರೇ ಸ್ತುತಿ. ಇಳಿಸುವವನೆಂದು ಕರೆದು ಸುಮ್ಮನಾದರೆ ಅದು ಸ್ತುತಿಯಲ್ಲ, ದೂರು. ಟೀಚರಮ್ಮ ಈ ನಿಯಮವನ್ನು ಎಷ್ಟು ಸಲ ಕಲಿಸಿದ್ದರೋ ಅವರಿಗೇ ಲೆಕ್ಕವಿರಲಿಲ್ಲ.

ಪಾಠದ ಕೊನೆಗೆ ಪ್ರಾರ್ಥನೆ. ಒಬ್ಬೊಬ್ಬರೂ ತಮ್ಮ ಕಷ್ಟಕ್ಕೆ ಒಪ್ಪುವ ಹೆಸರು ಹಿಡಿದು ಅವನನ್ನು ಕರೆಯಬೇಕು. ಕೆಲಸವಿಲ್ಲದವಳು ಅನ್ನ ಕೊಡುವವನನ್ನು, ತಪ್ಪು ಮಾಡಿದವಳು ಕ್ಷಮಿಸುವವನನ್ನು. ಒಂದು ದಿನ ಸರದಿ ಸೂಜಿಗೆ ಬಂತು. ಅವಳು ಮೂಲೆಯ ಅಂಗಡಿಯಲ್ಲಿ ರವಿಕೆ ಹೊಲಿಯುವವಳು. ಮಾತೂ ಚುಚ್ಚುತ್ತಿದ್ದುದರಿಂದ ಆ ಅಡ್ಡಹೆಸರು. ಬಹಳ ವರ್ಷ ಕಾದು ಹೆತ್ತ ಒಬ್ಬಳೇ ಮಗಳು ಜ್ವರದಲ್ಲಿ ಹೋಗಿ ಇನ್ನೂ ತಿಂಗಳಾಗಿರಲಿಲ್ಲ. ಅವಳು ಅಂಗೈ ಎತ್ತಿ “ಯಾ ದಾರ್”, ಓ ಕೆಡುಕು ತರುವವನೇ, ಅಂದಳು. ಎಲ್ಲರೂ ಮುಂದಿನ ಹೆಸರಿಗೆ ಕಾದರು. ಅವಳು ಕೈ ಇಳಿಸಿ, ಚಪ್ಪಲಿ ಮೆಟ್ಟಿ ಹೊರಟುಹೋದಳು.

ಸುದ್ದಿಗೆ ಕಾಲು ಬಂತು. ಸಂಜೆಯೊಳಗೆ ಅದು ಶಾಲೆಯ ಮುಖ್ಯಸ್ಥರ ಕಿವಿಗೆ ಬಿತ್ತು. ಮುಖ್ಯಸ್ಥರೆಂದರೆ ಟೀಚರಮ್ಮನ ಸ್ವಂತ ಅಣ್ಣ. ಅವರಿಗೆ ಅಕ್ಷರ ಕಲಿಸಿದವನೂ, ಈ ಕೆಲಸ ಕೊಟ್ಟವನೂ ಅವನೇ.

“ಅವಳನ್ನ ಕ್ಲಾಸಿಂದ ತೆಗಿ” ಎಂದ ಅಣ್ಣ, ತನ್ನ ಕೋಣೆಯಲ್ಲಿ ಕನ್ನಡಕ ಒರೆಸುತ್ತಾ. “ಹಿಂದಿನ ಕಾಲದಲ್ಲಿ ಮೈಯೆಲ್ಲಾ ಹುಣ್ಣಾದ ಪ್ರವಾದಿಯೊಬ್ಬರೇ, ನೋವು ನನ್ನ ಮುಟ್ಟಿದೆ ಅಂದ್ರೇ ಹೊರತು ನೀನು ಕೊಟ್ಟೆ ಅನ್ನಲಿಲ್ಲ. ಇವಳು ಅವರಿಗಿಂತ ದೊಡ್ಡೋಳಾ?”

“ಮಗು ಹೋಗಿದೆ ಅಣ್ಣಾ.”

“ಅದಕ್ಕೇ ಒಂದು ದಾರಿ ಬಿಟ್ಟಿದೀನಿ. ಮುಂದಿನ ಪಾಠದಲ್ಲಿ ಎಲ್ಲರ ಮುಂದೆ ಎರಡೂ ಹೆಸರು ಸೇರಿಸಿ ಹೇಳಲಿ, ನಾನು ಮರೆತುಬಿಡ್ತೀನಿ. ಹೇಳದಿದ್ರೆ ಅವಳೂ ಬೇಡ, ಅವಳನ್ನ ಕೂರಿಸ್ಕೊಳ್ಳೋ ಟೀಚರೂ ಬೇಡ.”

ಟೀಚರಮ್ಮನಿಗೆ ಇದು ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಮಗಳನ್ನು ಮಣ್ಣಿಗೆ ಕೊಟ್ಟವಳಿಗೆ ಉಳಿದಿದ್ದ ಒಂದೇ ಜಾಗ ಈ ಚಾಪೆ. ಅದನ್ನೂ ಕಿತ್ತುಕೊಳ್ಳುವುದು ಅವರಿಂದಾಗದ ಮಾತು. ಪುಸ್ತಕಗಳನ್ನು ಕೆಳಗಿಳಿಸಿ ಹುಡುಕಿದರು, ಕೊನೆಗೆ ಹಾವೂ ಸಾಯುವ, ಕೋಲೂ ಮುರಿಯದ ಉಪಾಯ ಸಿಕ್ಕಿತು. ಖುಷಿಯಲ್ಲಿ ನೇರ ಹೊಲಿಗೆ ಅಂಗಡಿಗೇ ನಡೆದರು.

ಮಿಷನ್ನಿನ ಮುಂದೆ ಸೂಜಿ ಕೂತಿದ್ದಳು. ಟೀಚರಮ್ಮ ಸ್ಟೂಲು ಎಳೆದುಕೊಂಡರು.

“ನೋಡಮ್ಮಾ, ದೇವರ ಹೆಸರು ನಾವು ಕಟ್ಟೋ ಹಾಗಿಲ್ಲ, ಗ್ರಂಥದಲ್ಲೋ ಪ್ರವಾದಿಯವರ ಗಟ್ಟಿ ಮಾತಿನಲ್ಲೋ ಬಂದಿರಬೇಕು ಅಂತಾರೆ ಬಿಗಿ ಪಂಡಿತರು. ನಮ್ಮಣ್ಣನೂ ಆ ಕಡೆಯವನೇ. ತೊಂಬತ್ತೊಂಬತ್ತು ಹೆಸರಿವೆ ಅನ್ನೋ ಮಾತು ಗಟ್ಟಿ. ಆದರೆ ಅವು ಯಾವ್ಯಾವುವು ಅನ್ನೋ ಪಟ್ಟಿ ಪ್ರವಾದಿಯವರದಲ್ಲ, ಆಮೇಲೆ ಮಾತು ದಾಟಿಸಿದವರು ಯಾರೋ ಸೇರಿಸಿದ್ದು ಅಂತ ತುಂಬ ಜನ ಪಂಡಿತರು ಹೇಳಿದಾರೆ. ದಾರ್ ಇರೋದು ಆ ಪಟ್ಟಿಯಲ್ಲಿ. ಗ್ರಂಥದಲ್ಲಿ ಅದು ಹೆಸರಾಗಿ ಎಲ್ಲೂ ಇಲ್ಲ.”

“ಅಂದ್ರೆ?”

“ಅಣ್ಣನ ಲೆಕ್ಕದಲ್ಲೇ ಅದು ದೇವರ ಹೆಸರಲ್ಲ. ಹೆಸರೇ ಅಲ್ಲದ ಮೇಲೆ ಜೋಡಿ ಎಲ್ಲಿಂದ ಬಂತು? ನೀನು ದೇವರನ್ನ ಕರೆಯಲೇ ಇಲ್ಲ, ದುಃಖಕ್ಕೆ ಏನೋ ಅಂದೆ, ಅಷ್ಟೇ. ಅಣ್ಣ ತುಟಿ ಬಿಚ್ಚೋ ಹಾಗಿಲ್ಲ.”

ಪೆಡಲ್ ತುಳಿಯುತ್ತಿದ್ದ ಸೂಜಿಯ ಕಾಲು ನಿಂತಿತು. ಅವಳು ದಾರ ಕಡಿದು, ಬಟ್ಟೆಯನ್ನು ಮಡಿಲಿಗೆ ಹಾಕಿಕೊಂಡಳು.

“ಟೀಚರ್, ನಾನು ಅವನನ್ನೇ ಕರೆದದ್ದು.”

“ನಂಗೊತ್ತಮ್ಮಾ, ಆದರೆ...”

“ಇಪ್ಪತ್ತು ವರ್ಷದಿಂದ ಬೇರೆ ಹೆಸರು ಹಿಡಿದು ಕರೆದೆ. ಅವತ್ತು ಮಾತ್ರ ನಂಗೆ ಗೊತ್ತಿರೋ ಹೆಸರು ಹಿಡಿದೆ. ನಾನು ಸುಮ್ನೆ ಗಾಳಿಗೆ ಕೂಗಿದೆ ಅಂತ ಬೇಕಾದ್ರೆ ನಿಮ್ಮಣ್ಣ ಅನ್ನಲಿ, ನೀವು ಅನ್ಬೇಡಿ.”

ಟೀಚರಮ್ಮನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಅವಳ ಜಾಗ ಉಳಿಸಲು ಹೋಗಿ ಅವಳ ಪ್ರಾರ್ಥನೆಯನ್ನೇ ಅಳಿಸಲು ಹೊರಟಿದ್ದರಲ್ಲ. ನಾಚಿಕೆಯಾಯಿತು. ಮೆಲ್ಲಗೆ ಕೇಳಿದರು, “ಹಾಗಾದ್ರೆ ಎರಡನೇ ಹೆಸರೂ ಸೇರಿಸಿ ಹೇಳ್ತೀಯಾ?”

“ಮೊದಲನೇದು ನಾನು ಕಣ್ಣಾರೆ ಕಂಡೆ. ಎರಡನೇದು ಕಾಣೋವರೆಗೆ ನನ್ನ ಬಾಯಲ್ಲಿ ಬರಲ್ಲ. ಸುಳ್ಳು ಹೇಳಿ ಅವನ ಮುಂದೆ ಕೂರೋದು ಹೆಂಗೆ?” ಎಂದಳು, ಕಡ್ಡಿ ತುಂಡು ಮಾಡಿದ ಹಾಗೆ.

ಪಾಠದ ದಿನ ಹೆಂಗಸರು ಗೋಡೆಗೆ ಒತ್ತಿಕೊಂಡು ಕೂತಿದ್ದರು. ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು ಅಣ್ಣ ಕೂತಿದ್ದ. ಸೂಜಿ ಬಂದಳು, ತನ್ನ ಜಾಗದಲ್ಲೇ ಕೂತಳು. ಪಕ್ಕದವಳು ಸ್ವಲ್ಪ ಸರಿದಳು. ಜಾಗ ಬಿಟ್ಟದ್ದೋ, ದೂರ ಹೋದದ್ದೋ, ಅವಳಿಗೇ ಗೊತ್ತು.

ಟೀಚರಮ್ಮ ಅವತ್ತು ಹೊಸ ಪಾಠ ಎತ್ತಿಕೊಳ್ಳಲಿಲ್ಲ. ಜೋಡಿಗಳನ್ನೇ ಮತ್ತೆ ಹೇಳಿದರು. ಪಟ್ಟಿಯ ಜಗಳವನ್ನೂ ಮುಚ್ಚಿಡದೆ ಹೇಳಿದರು. ದಾರ್ ಹೆಸರಲ್ಲ ಎನ್ನುವವರಿದ್ದಾರೆ, ಹೆಸರೇ ಎಂದು ನೂರಾರು ವರ್ಷ ಜಪಿಸಿದವರೂ ಇದ್ದಾರೆ. ಕೆಡುಕೂ ಅವನ ಅಪ್ಪಣೆಯಿಲ್ಲದೆ ತಟ್ಟುವುದಿಲ್ಲ ಎಂಬ ಮಾತಿನಲ್ಲಿ ಮಾತ್ರ ಎರಡೂ ಕಡೆಯವರು ಒಂದೇ. ಅಷ್ಟು ಹೇಳಿ ಪ್ರಾರ್ಥನೆ ಶುರು ಮಾಡಿಸಿದರು. ಸರದಿ ಸೂಜಿಗೆ ಬಂತು.

“ಯಾ ದಾರ್” ಎಂದಳು ಅವಳು. ಈ ಸಲ ಕೈ ಇಳಿಸಲಿಲ್ಲ.

“ಮುಂದೆ?” ಎಂದ ಅಣ್ಣ ಹೊರಗಿನಿಂದ.

ಎರಡನೇ ಹೆಸರು ಬರಲಿಲ್ಲ. ಕುರ್ಚಿ ಸರಿದ ಸದ್ದಾಯಿತು. ಅಣ್ಣ ಬಾಗಿಲಲ್ಲಿ ನಿಂತ. “ಜೋಡಿ ಅಗಲಿಸಬಾರದು. ನೀನೇ ಕಲಿಸಿದ್ದಲ್ವೇನೇ?”

“ನಾನೇ ಕಲಿಸಿದ್ದು” ಎಂದರು ಟೀಚರಮ್ಮ. “ನಂಗೆ ಕಲಿಸಿದ್ದು ನೀನು. ಜೋಡಿ ಜೊತೆಗೇ ಬರಬೇಕು ಅಂದೆ. ಒಂದೇ ಬಾಯಿಂದ ಬರಬೇಕು ಅಂತ ನೀನೂ ಹೇಳಲಿಲ್ಲ, ಯಾವ ಪುಸ್ತಕದಲ್ಲೂ ನಾನು ಓದಲಿಲ್ಲ.”

ಎದ್ದು ಹೋಗಿ ಸೂಜಿಯ ಪಕ್ಕ ಚಾಪೆಯ ಮೇಲೆ ಕೂತು, ಅಂಗೈ ಎತ್ತಿದರು. “ಯಾ ನಾಫಿ” ಎಂದರು.

ಸೂಜಿ ಅವರನ್ನು ಒಂದು ಸಲ ನೋಡಿ, ಇನ್ನೂ ಗಟ್ಟಿಯಾಗಿ ಮತ್ತೆ ಕರೆದಳು, “ಯಾ ದಾರ್.” ಈ ಸಲ ಟೀಚರಮ್ಮನ “ಯಾ ನಾಫಿ”ಗೆ, ಮೊದಲು ಸರಿದು ಕೂತಿದ್ದ ಪಕ್ಕದವಳ ದನಿಯೂ ಸೇರಿತು. ಮೂರನೇ ಸಲಕ್ಕೆ ಇಡೀ ಕೋಣೆ ಸೇರಿತು. ಅವಳು ತನ್ನ ಅರ್ಧವನ್ನು ಎಸೆಯುತ್ತಿದ್ದಳು, ಅವರು ಇನ್ನರ್ಧವನ್ನು ಎತ್ತಿ ಹಿಡಿಯುತ್ತಿದ್ದರು. ಸ್ತುತಿಯ ರಾಗ ಅದರಲ್ಲಿ ಇರಲೇ ಇಲ್ಲ. ಮುಚ್ಚಿದ ಬಾಗಿಲನ್ನು ಬಡಿಯುವವರ ದನಿ ಅದು, ಒಳಗೆ ಇದ್ದೀಯೆಂದು ಗೊತ್ತು, ತೆಗೆ ಎನ್ನುವ ದನಿ.

ಅಣ್ಣ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದ. ನಿಯಮ ಮುರಿದಿರಲಿಲ್ಲ, ಅವನಿಗೆ ಹಿಡಿಯಲು ಏನೂ ಸಿಗಲಿಲ್ಲ. ಟೀಚರಮ್ಮ ಅವನ ಕಡೆ ತಿರುಗಲಿಲ್ಲ. ಸೂಜಿ ಮುಂದಿನ ಸಲ ಕರೆಯಲು ಉಸಿರು ಎಳೆದುಕೊಳ್ಳುತ್ತಿದ್ದಳು, ತಮ್ಮ ಅರ್ಧ ತಪ್ಪಿಹೋಗದಂತೆ ಅವರು ಅವಳ ತುಟಿಯನ್ನೇ ನೋಡುತ್ತಿದ್ದರು.