ಎಡಗಡೆ ಉಳಿದ ದೃಶ್ಯ

ಮೂವತ್ತು ವರ್ಷ ಕಾಲೇಜಿನ ಪ್ರತಿ ಸಮಾರಂಭದಲ್ಲೂ ನಾನಿದ್ದೆ, ಒಂದರಲ್ಲೂ ಕಾಣಿಸಿಕೊಂಡಿರಲಿಲ್ಲ. ಲ್ಯಾಬ್ ಸಹಾಯಕನ ಜಾಗ ವೇದಿಕೆಯ ಹಿಂದಿನ ಕೋಣೆ, ವೈರುಗಳ ನಡುವೆ. ಪಾರ್ಶ್ವವಾಯು ಬಡಿದು ಮಲಗಿರುವ ನನ್ನ ಹೆಂಡತಿ ಅಂದು ಬೆಳಿಗ್ಗೆ ನಾನು ನೀಲಿ ಅಂಗಿ ಹಾಕಿಕೊಳ್ಳುವಾಗ ಹೇಳಿದಳು: "ಇವತ್ತು ನಿಮ್ಮ ಬೀಳ್ಕೊಡುಗೆ. ಒಂದ್ಸಲ ನಿಮ್ಮನ್ನ ವೇದಿಕೆ ಮೇಲೆ ನೋಡ್ಬೇಕು ರೀ. ಮೊಬೈಲ್ ಕಾಣೋ ಹಾಗೆ ಇಟ್ಟು ಹೋಗಿ."

ನೇರಪ್ರಸಾರ ಮಾಡಬೇಕಾದವನೂ ನಾನೇ. ಇನ್ನೊಬ್ಬರಿಗೆ ಕಲಿಸುತ್ತೇನೆಂದು ಹೇಳಿ ಹೇಳಿ ಬಾಯಿ ನೋವು ಬಂದಿತ್ತು. "ಪುಕ್ಕಟೆ ಸಾಫ್ಟ್‌ವೇರ್ ಅಲ್ವೇನ್ರೀ, ಅದೇನ್ ಮಹಾ," ಎಂದಿದ್ದರು ಪ್ರಿನ್ಸಿಪಾಲರು.

ಮೂರು ಕ್ಯಾಮೆರಾ, ಮೂರು ಸೀನ್: ಮಾತಾಡುವವರ ಮುಖ, ಇಡೀ ವೇದಿಕೆ, ಸಭಿಕರು. ಧ್ವನಿ ಎರಡು ಕಡೆಯಿಂದ: ಸೌಂಡ್ ಮಿಕ್ಸರಿನಿಂದ ಭಾಷಣ, ಸಭಾಂಗಣದಲ್ಲಿ ತೂಗಿಬಿಟ್ಟ ಮೈಕಿನಿಂದ ಚಪ್ಪಾಳೆ. ಚಿತ್ರ ಕಾಲು ಸೆಕೆಂಡು ತಡವಾಗಿ ಬರುತ್ತಿತ್ತು, ಧ್ವನಿಯನ್ನೂ ಅಷ್ಟೇ ತಡಮಾಡಿ ತುಟಿಗೆ ಹೊಂದಿಸಿದ್ದೆ.

ನನ್ನ ಸರದಿ ಎಲ್ಲಕ್ಕಿಂತ ಕೊನೆಗೆ. ಬಹುಮಾನ ವಿತರಣೆ ಮುಗಿದು, ಸಭಿಕರು ಚಪ್ಪಾಳೆ ತಟ್ಟುವುದನ್ನು ತೋರಿಸುತ್ತಿದ್ದೆ. ಅಷ್ಟರಲ್ಲಿ ನನ್ನ ಹೆಸರು ಕರೆದರು. ವೇದಿಕೆಯ ಸೀನ್ ಒತ್ತಿದೆ. ನಿಜ ಹೇಳುತ್ತೇನೆ, ಸಭಾಂಗಣದ ಮೈಕನ್ನೂ ಸ್ವಲ್ಪ ಏರಿಸಿದೆ. ನನಗೆ ಬೀಳುವ ಚಪ್ಪಾಳೆ ಅವಳಿಗೆ ಜೋರಾಗಿ ಕೇಳಲಿ ಎಂಬ ಆಸೆ. ಎದ್ದೆನೋ ಬಿದ್ದೆನೋ ಎಂದು ಓಡಿದೆ.

ಬಹುಮಾನ ಗೆದ್ದವರೆಲ್ಲ ಅಷ್ಟರಲ್ಲಿ ಎದ್ದು ಹೊರಟಿದ್ದರು. ಒಂದು ಗೋಡೆ ಗಡಿಯಾರ ಕೊಟ್ಟರು. ಮೈಕಿನಲ್ಲಿ ಹೇಳಿದೆ: "ಮನೇಲಿ ಒಬ್ರು ನನ್ನನ್ನ ನೋಡ್ತಿದ್ದಾರೆ. ನನಗಷ್ಟು ಸಾಕು."

ವಾಪಸ್ ಬಂದು ಕಂಪ್ಯೂಟರಿನ ತೆರೆ ನೋಡಿದೆ. ನಾನು ಬಳಸುವುದು ಸ್ಟುಡಿಯೋ ಮೋಡ್. ಅದರಲ್ಲಿ ಸೀನ್ ಒತ್ತಿದರೆ ಎಡಗಡೆ ಸಿದ್ಧವಾಗುತ್ತದೆ, ಅಷ್ಟೇ. ನಡುವಿನ ಗುಂಡಿ ಒತ್ತಿದರೆ ಮಾತ್ರ ಬಲಗಡೆಗೆ ದಾಟುತ್ತದೆ, ಜನಕ್ಕೆ ಹೋಗುವುದು ಬಲಗಡೆಯದು. ಆತುರದಲ್ಲಿ ಆ ಗುಂಡಿಯನ್ನೇ ಮರೆತಿದ್ದೆ. ಎಡಗಡೆ ವೇದಿಕೆ ಇತ್ತು. ಬಲಗಡೆ ಇನ್ನೂ ಸಭಿಕರ ಕ್ಯಾಮೆರಾ.

ರೆಕಾರ್ಡಿಂಗ್ ಹಾಕಿ ನೋಡಿದೆ. ಆರು ನಿಮಿಷ ಎದ್ದು ಹೋಗುವವರ ಬೆನ್ನು, ಖಾಲಿ ಕುರ್ಚಿ. ಏರಿಸಿಟ್ಟ ಮೈಕಿನ ಕೃಪೆಯಿಂದ ಕುರ್ಚಿ ಎಳೆಯುವ ಸದ್ದು ಸೊಗಸಾಗಿ ಕೇಳುತ್ತಿತ್ತು. ಅದರ ನಡುವೆ ನನ್ನ ಮಾತು. ನಾನು ಎಲ್ಲೂ ಇಲ್ಲ. ಆ ಕೋಣೆಯಲ್ಲಿ ಅಷ್ಟು ಒಂಟಿ ಅಂತ ಮೂವತ್ತು ವರ್ಷದಲ್ಲಿ ಯಾವತ್ತೂ ಅನಿಸಿರಲಿಲ್ಲ.

ಮನೆಗೆ ಬಂದಾಗ ಅವಳು ಎಚ್ಚರವಾಗಿದ್ದಳು. ಮೊಬೈಲ್ ಎದೆಯ ಮೇಲಿತ್ತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವಳೇ ಶುರುಮಾಡಿದಳು.

"ನೋಡ್ದೆ ರೀ," ಎಂದಳು. "ನೀಲಿ ಅಂಗಿ ಎಷ್ಟ್ ಚೆನ್ನಾಗಿ ಒಪ್ತಿತ್ತು ನಿಮಗೆ."

ಗಡಿಯಾರ ಕೆಳಗಿಟ್ಟು ಪಕ್ಕದಲ್ಲಿ ಕೂತೆ. ಕೇಳಿದೆ: "ಜನ ಇದ್ರಾ?"

ಅವಳು ಸ್ವಾಧೀನವಿರುವ ಕೈಯನ್ನು ನನ್ನ ಕೈಮೇಲಿಟ್ಟಳು.

"ಅಯ್ಯೋ, ಕಾಲಿಡೋಕೂ ಜಾಗ ಇರ್ಲಿಲ್ಲ."